200 ಪ್ರತಿ, 4 ಡಬ್ಬ: ಪುಸ್ತಕದ ಪಾರ್ಸಲ್ ಲೆಕ್ಕ

ಕಲಬುರಗಿಯಿಂದ ಹೊರ ಊರುಗಳಿಗೆ ಪುಸ್ತಕ ಕಳುಹಿಸುವ ಕೆಲಸದಲ್ಲಿ ನಾನು ಕಂಡ ಹಾನಿಗೆಲ್ಲ ಬಹುತೇಕ ಒಂದೇ ಮೂಲ: ಡಬ್ಬ ಅತಿಭಾರವಾಗಿರುವುದು. ಮೊದಮೊದಲು ಕಿರಾಣಿ ಅಂಗಡಿಯ ಹಳೆಯ ಮೂರು ಪದರದ ರಟ್ಟಿನ ಡಬ್ಬವೊಂದರಲ್ಲಿ 100 ಪ್ರತಿ ತುಂಬಿ ಮಂಗಳೂರಿಗೆ ಕಳುಹಿಸಿದ್ದೆ. ತಳ ಬಿಚ್ಚಿಕೊಂಡು, ಯಾರೋ ಹುರಿಯಿಂದ ಬಿಗಿದ ಸ್ಥಿತಿಯಲ್ಲಿ ಅದು ತಲುಪಿತು. ಅಂಚಿನ ಪ್ರತಿಗಳ ಮೂಲೆಗಳೆಲ್ಲ ಮಡಚಿಹೋಗಿದ್ದವು. ತಪ್ಪು ನನ್ನದೇ.

ಈಚೆಗೆ ಅದೇ ಊರಿಗೆ 200 ಪ್ರತಿಗಳ ಬೇಡಿಕೆ ಬಂದಾಗ ಮೊದಲು ತಕ್ಕಡಿ ಹಿಡಿದೆ. 70 ಜಿಎಸ್‌ಎಂ ಕಾಗದದ 200 ಪುಟದ ಡೆಮಿ ಪುಸ್ತಕ ಸುಮಾರು 240 ಗ್ರಾಂ ತೂಗುತ್ತದೆ. ಒಟ್ಟು 48 ಕಿಲೋ. ಡಬ್ಬಕ್ಕೆ 50ರಂತೆ ಐದು ಪದರದ ನಾಲ್ಕು ಡಬ್ಬ ಮಾಡಿದರೆ ಒಂದೊಂದು 12 ಕಿಲೋ ಆಗುತ್ತದೆ. ಇಷ್ಟನ್ನು ಹಮಾಲರು ಎತ್ತಿ ಇಡುತ್ತಾರೆ, 25 ಕಿಲೋ ಆದರೆ ಎಳೆಯುತ್ತಾರೆ ಇಲ್ಲವೇ ಮೂಲೆಯ ಮೇಲೆ ಉರುಳಿಸುತ್ತಾರೆ. ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ.

ಪುಸ್ತಕಗಳನ್ನು ಮಲಗಿಸಿಯೇ ಜೋಡಿಸಬೇಕು. ಬೆನ್ನು ಮೇಲಾಗಿ ನಿಲ್ಲಿಸಿದರೆ ಹಾಳೆಗಳ ಭಾರ ಅಂಟಿನ ಮೇಲೆ ಬಿದ್ದು ಬೈಂಡಿಂಗ್ ಸಡಿಲಗೊಳ್ಳುತ್ತದೆ, ಬಿಸಿಲಲ್ಲಿ ಕಾದ ಲಾರಿಯಲ್ಲಂತೂ ಅಂಟು ಇನ್ನಷ್ಟು ಮೆತ್ತಗಾಗುತ್ತದೆ. ಬೆನ್ನಿನ ಕಡೆ ದಪ್ಪ ಹೆಚ್ಚಿರುವುದರಿಂದ ಐದೈದು ಪ್ರತಿಗೆ ದಿಕ್ಕು ಬದಲಿಸಿದರೆ ರಾಶಿ ವಾಲುವುದಿಲ್ಲ. ನಾನು 25ರ ಎರಡು ರಾಶಿಗಳನ್ನು ಒಟ್ಟಿಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಉಳಿದ ಸಂದುಗಳಿಗೆ ಮುದುಡಿದ ಕಾಗದ ತುರುಕಿ, ಮುಚ್ಚಿದ ಡಬ್ಬವನ್ನು ಅಲುಗಾಡಿಸಿ ನೋಡುತ್ತೇನೆ: ಒಳಗೆ ಸದ್ದು ಕೇಳಿದರೆ ಮತ್ತೆ ತೆರೆಯುವುದೇ. ಅಂಟುಪಟ್ಟಿ ನಡುವಿನ ಗೆರೆಗೆ ಮಾತ್ರವಲ್ಲ, ಎರಡೂ ಅಂಚುಗಳಿಗೂ ಬೇಕು, ತಳಕ್ಕೆ ಎರಡು ಸುತ್ತು.

ಕೊರಿಯರ್‌ನವರು ಉದ್ದ, ಅಗಲ, ಎತ್ತರಗಳ ಸೆಂಟಿಮೀಟರ್ ಗುಣಲಬ್ಧವನ್ನು ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಅದು ಮತ್ತು ನಿಜ ತೂಕ ಎರಡರಲ್ಲಿ ಹೆಚ್ಚಾದುದಕ್ಕೆ ದರ ಹಾಕುತ್ತಾರೆ. ನನ್ನ 30×23×30ರ ಡಬ್ಬಕ್ಕೆ ಇದು 4.1 ಕಿಲೋ, ನಿಜ ತೂಕ 12. ಪುಸ್ತಕಕ್ಕೆ ನಾವು ಸದಾ ನಿಜ ತೂಕದ ಹಣವನ್ನೇ ತೆರುವುದರಿಂದ ವಿಮಾನದ ದರ ಹೊರೆಯಾಗುತ್ತದೆ, ಲಾರಿ ಪಾರ್ಸಲ್ ಸೇವೆಯೇ ಹೊಂದುತ್ತದೆ. ಅಂಚೆ ಇಲಾಖೆ 2025ರ ಮೇ 1ರಂದು ಆರಂಭಿಸಿದ ಜ್ಞಾನ್ ಪೋಸ್ಟ್ ಶೈಕ್ಷಣಿಕ ಪುಸ್ತಕಗಳಿಗೆ ಅಗ್ಗವೇ, ಆದರೆ ಪೊಟ್ಟಣಕ್ಕೆ 5 ಕಿಲೋ ಮಿತಿಯಿರುವುದರಿಂದ ಈ ಬೇಡಿಕೆಗೆ ಕನಿಷ್ಠ ಹತ್ತು ಪೊಟ್ಟಣ ಕಟ್ಟಬೇಕಾಗುತ್ತಿತ್ತು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಇ-ವೇ ಬಿಲ್ ಬೇಕಿಲ್ಲ. ಬಿಲ್ ಆಫ್ ಸಪ್ಲೈ ಪ್ರತಿ ಜೊತೆಗಿದ್ದರೆ ಸಾಕು.

ಲಾರಿ ಕಚೇರಿಯವರು ಕೊಡುವ ಸರಕಿನ ರಸೀದಿಯಾದ ಬಿಲ್ಟಿಯಲ್ಲಿ ‘4 ಡಬ್ಬ’ ಎಂದು ಬರೆಸಿ, ಪ್ರತಿ ಡಬ್ಬದ ಮೇಲೆ 1/4, 2/4 ಎಂದು ನಾನೇ ಗುರುತು ಹಾಕುತ್ತೇನೆ. ಡಬ್ಬ ಒದ್ದೆಯಾಗಿದ್ದರೆ ಅಥವಾ ನಜ್ಜುಗುಜ್ಜಾಗಿದ್ದರೆ ಸಹಿಗೆ ಮುನ್ನವೇ ಅದನ್ನು ರಸೀದಿಯ ಮೇಲೆ ಬರೆದು ಫೋಟೊ ತೆಗೆಯುವಂತೆ, ಸರಕು ಹೊರಟ ದಿನವೇ ಪಡೆಯುವವರಿಗೆ ಫೋನ್ ಮಾಡಿ ಹೇಳಿರುತ್ತೇನೆ.