ನೆಲಕ್ಕೊಂದು ದರ, ಕಟ್ಟಡಕ್ಕೊಂದು ದರ: ಭೂಮೌಲ್ಯ ತೆರಿಗೆ ನಡೆದುಬಂದ ದಾರಿ

ಒಂದೇ ರಸ್ತೆಯಲ್ಲಿ, ಅಕ್ಕಪಕ್ಕದಲ್ಲಿ, ಒಂದೇ ಅಳತೆಯ ಎರಡು ನಿವೇಶನಗಳಿವೆ ಎಂದಿಟ್ಟುಕೊಳ್ಳೋಣ. ಎರಡರಲ್ಲೂ ನೆಲದ ಬೆಲೆ ತಲಾ 1 ಲಕ್ಷ ಡಾಲರ್. ಮೊದಲನೆಯದರಲ್ಲಿ 4 ಲಕ್ಷ ಡಾಲರ್ ಬೆಲೆಬಾಳುವ ಐದಂತಸ್ತಿನ ಕಟ್ಟಡವಿದೆ. ಎರಡನೆಯದು ಬೇಲಿ ಹಾಕಿ ವಾಹನ ನಿಲ್ಲಿಸಲು ಬಿಟ್ಟ ಖಾಲಿ ಜಾಗ; ಅದರ ಮಾಲೀಕರು ಬೆಲೆ ಇನ್ನಷ್ಟು ಏರಲಿ ಎಂದು ಕಾಯುತ್ತಿದ್ದಾರೆ. ಸಾಮಾನ್ಯ ಆಸ್ತಿ ತೆರಿಗೆ ನೆಲ ಮತ್ತು ಕಟ್ಟಡ ಎರಡನ್ನೂ ಕೂಡಿಸಿ ಒಂದೇ ದರ ಹಾಕುತ್ತದೆ. ಆ ದರ ಶೇ. 2 ಆಗಿದ್ದರೆ ಕಟ್ಟಡ ಕಟ್ಟಿದವರು ವರ್ಷಕ್ಕೆ 10,000 ಡಾಲರ್, ಕಟ್ಟದೆ ಕಾಯುತ್ತಿರುವವರು 2,000 ಡಾಲರ್ ಕಟ್ಟಬೇಕಾಗುತ್ತದೆ. ಇದೇ 12,000 ಡಾಲರನ್ನು ನೆಲದ ಬೆಲೆಯ ಮೇಲಷ್ಟೇ ಹಾಕುವ ಭೂಮೌಲ್ಯ ತೆರಿಗೆಯಿಂದಲೇ ಎತ್ತುವುದಾದರೆ ದರ ಶೇ. 6 ಆಗುತ್ತದೆ, ಮತ್ತು ಇಬ್ಬರೂ ತಲಾ 6,000 ಡಾಲರ್ ಕೊಡುತ್ತಾರೆ.

ಮೊದಲನೆಯವರು 80,000 ಡಾಲರ್ ಖರ್ಚು ಮಾಡಿ ಇನ್ನೊಂದು ಅಂತಸ್ತು ಏರಿಸಿದರು ಎನ್ನೋಣ. ಅದರಿಂದ ಕಟ್ಟಡದ ಬೆಲೆಯೂ ಅಷ್ಟೇ ಏರಿದರೆ, ಆಸ್ತಿ ತೆರಿಗೆಯಲ್ಲಿ ಅವರ ವಾರ್ಷಿಕ ಹೊರೆ 1,600 ಡಾಲರ್ ಹೆಚ್ಚುತ್ತದೆ. ಭೂಮೌಲ್ಯ ತೆರಿಗೆಯಲ್ಲಿ ಒಂದು ಬಿಡಿಗಾಸೂ ಹೆಚ್ಚುವುದಿಲ್ಲ. ಎರಡು ತೆರಿಗೆಗಳ ನಡುವಿನ ವ್ಯತ್ಯಾಸವೆಲ್ಲ ಈ 1,600 ಡಾಲರಿನಲ್ಲಿದೆ. ಅರ್ಥಶಾಸ್ತ್ರಜ್ಞರ ಮೆಚ್ಚುಗೆಗೂ ಕಾರಣ ಇದೇ. ಕಟ್ಟಡಕ್ಕೆ ತೆರಿಗೆ ಹಾಕಿದರೆ ಜನ ಕಡಿಮೆ ಕಟ್ಟುತ್ತಾರೆ, ಇಲ್ಲವೇ ದುರಸ್ತಿಯನ್ನು ಮುಂದೂಡುತ್ತಾರೆ. ಮನೆಗಳ ಸಂಖ್ಯೆ ಕಡಿಮೆಯಾದಷ್ಟೂ ಬಾಡಿಗೆ ಏರಿ, ತೆರಿಗೆಯ ಒಂದು ಪಾಲು ಬಾಡಿಗೆದಾರರ ತಲೆಯ ಮೇಲೆ ಬೀಳುತ್ತದೆ. ನೆಲಕ್ಕೆ ತೆರಿಗೆ ಹಾಕಿದರೆ ನೆಲವೇನೂ ಕಡಿಮೆಯಾಗುವುದಿಲ್ಲ. ಜಾಗದ ಮಾಲೀಕರು ಮಾರುಕಟ್ಟೆ ಕೊಡುವಷ್ಟು ಬಾಡಿಗೆಯನ್ನು ಮೊದಲೇ ವಸೂಲು ಮಾಡುತ್ತಿರುತ್ತಾರೆ. ತೆರಿಗೆ ಬಂತೆಂದು ಹೆಚ್ಚು ಕೇಳಿದರೆ ಬಾಡಿಗೆದಾರರು ಪಕ್ಕದ ಜಾಗಕ್ಕೆ ಹೋಗುತ್ತಾರೆ, ಆದ್ದರಿಂದ ಆ ತೆರಿಗೆಯನ್ನು ಮುಂದಕ್ಕೆ ದಾಟಿಸುವ ದಾರಿ ಅವರಿಗಿರುವುದಿಲ್ಲ.

ವಿಚಾರ ಹೊಸದಲ್ಲ. 18ನೇ ಶತಮಾನದ ಫ್ರಾನ್ಸಿನಲ್ಲಿ ಅರ್ಥಶಾಸ್ತ್ರಜ್ಞ ಫ್ರಾಂಸ್ವಾ ಕೆನೆ ಮತ್ತು ಅವರ ಸಂಗಡಿಗರು ಭೂಮಿಯ ಆದಾಯದ ಮೇಲೆ ಒಂದೇ ತೆರಿಗೆ ಸಾಕು ಎಂದು ವಾದಿಸಿದರು. 1776ರಲ್ಲಿ ಆಡಂ ಸ್ಮಿತ್, ಮನೆಬಾಡಿಗೆಗಿಂತ ಮನೆ ನಿಂತ ನೆಲದ ಬಾಡಿಗೆಗೆ ತೆರಿಗೆ ಹಾಕುವುದೇ ಹೆಚ್ಚು ಸೂಕ್ತವೆಂದು ಬರೆದರು. ನಂತರ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ನೆಲದ ಗೇಣಿ ಹೇಗೆ ಹುಟ್ಟುತ್ತದೆ ಎಂಬುದನ್ನು ವಿವರಿಸಿದರು, ಜಾನ್ ಸ್ಟುವರ್ಟ್ ಮಿಲ್ ಮಾಲೀಕರು ದುಡಿಯದೆಯೇ ಏರುವ ಬೆಲೆಯ ಬಗ್ಗೆ ಮಾತಾಡಿದರು. 1879ರಲ್ಲಿ ಅಮೆರಿಕದ ಪತ್ರಕರ್ತ ಹೆನ್ರಿ ಜಾರ್ಜ್ ಬರೆದ ಪುಸ್ತಕ ಇದನ್ನು ಜನಚಳವಳಿಯಾಗಿಸಿತು. ರೈಲು, ರಸ್ತೆ, ಜನಸಂದಣಿಯಿಂದ ನೆಲದ ಬೆಲೆ ಏರುವುದರಿಂದ ಆ ಏರಿಕೆ ಸಮಾಜಕ್ಕೇ ಸೇರಬೇಕು ಎಂಬುದು ಅವರ ವಾದ. ಮುಂದೆ ಮಿಲ್ಟನ್ ಫ್ರೀಡ್‌ಮನ್ ಅವರಂಥ ಮುಕ್ತ ಮಾರುಕಟ್ಟೆಯ ಪ್ರತಿಪಾದಕರೂ ಇದನ್ನು ತೆರಿಗೆಗಳಲ್ಲೆಲ್ಲ ಕಡಿಮೆ ಕೆಡುಕಿನದು ಎಂದರು.

ಇಷ್ಟು ಮಂದಿ ಒಪ್ಪಿದ ತೆರಿಗೆ ಇಷ್ಟು ವಿರಳವಾಗಿರುವುದೇಕೆ ಎಂಬುದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ‘ಭೂಮಾಲೀಕರ ವಿರೋಧ’. ಅದು ಸುಳ್ಳಲ್ಲ. 1909ರಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ನೆಲದ ಬೆಲೆ ಏರಿಕೆಯ ಮೇಲೆ ಶೇ. 20 ತೆರಿಗೆಯನ್ನೂ ಸೇರಿಸಿ ಮಂಡಿಸಿದ ಬಜೆಟ್ಟನ್ನು ಶ್ರೀಮಂತರ ಮೇಲ್ಮನೆ ತಿರಸ್ಕರಿಸಿತು, ಸಂವಿಧಾನದ ಬಿಕ್ಕಟ್ಟೇ ಎದ್ದಿತು. ಆದರೆ ಕಡೆಗೆ ಬಜೆಟ್ ಅಂಗೀಕಾರವಾಯಿತಲ್ಲ, ಆಮೇಲೆ ಆದದ್ದೇನು? 1909ರ ಏಪ್ರಿಲ್ 30ರಂದು ಇದ್ದ ಬೆಲೆಯನ್ನು ಆಧಾರವಾಗಿಟ್ಟು ದೇಶದ ಒಂದೊಂದು ತುಂಡು ನೆಲವನ್ನೂ ಅಳೆದು ಬೆಲೆ ಕಟ್ಟಬೇಕಾಯಿತು. ಅದೂ ಒಂದೊಂದು ಆಸ್ತಿಗೆ ಹಲವು ಬಗೆಯ ಬೆಲೆ: ಇದ್ದಂತೆ ಮಾರಿದರೆ ಎಷ್ಟು, ಕಟ್ಟಡ ಮರಗಿಡಗಳಿಲ್ಲದ ಬರಿಯ ನೆಲವಾದರೆ ಎಷ್ಟು, ಅದರಲ್ಲಿ ಯಾವ ಯಾವ ಕಡಿತ ಎಂದು. ವರ್ಷಗಟ್ಟಲೆ ನಡೆದ ಈ ಎಣಿಕೆಗೆ ತಗುಲಿದ ವೆಚ್ಚ ಆ ತೆರಿಗೆಗಳಿಂದ ಬಂದ ಹಣವನ್ನೂ ಮೀರಿತು. 1920ರಲ್ಲಿ ಅವು ರದ್ದಾದವು. ಆಗ ಬರೆದ ಮೌಲ್ಯಮಾಪನದ ಪುಸ್ತಕಗಳು ಇಂದು ಇತಿಹಾಸಕಾರರಿಗೆ ಬಹಳ ಉಪಯುಕ್ತವಾಗಿವೆ ಎಂಬುದೊಂದು ಸಮಾಧಾನ.

ಈ ತೆರಿಗೆಯ ಬಲವೂ ದೌರ್ಬಲ್ಯವೂ ಹೆಚ್ಚು ನಿಚ್ಚಳವಾಗಿ ಕಾಣುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ. 1913ರಲ್ಲಿ ಆ ರಾಜ್ಯದ ಶಾಸನಸಭೆ ಪಿಟ್ಸ್‌ಬರ್ಗ್ ಮತ್ತು ಸ್ಕ್ರಾಂಟನ್ ನಗರಗಳಿಗಾಗಿ ಕಾಯಿದೆಯೊಂದನ್ನು ಮಾಡಿತು. ಕಟ್ಟಡದ ಮೇಲಿನ ತೆರಿಗೆ ಒಮ್ಮೆಗೇ ರದ್ದಾಗಲಿಲ್ಲ. ಹಂತಹಂತವಾಗಿ ಇಳಿದು 1925ರ ಹೊತ್ತಿಗೆ ನೆಲದ ದರದ ಅರ್ಧಕ್ಕೆ ಬಂತು. ಅಲ್ಲಿಂದ ಐದು ದಶಕಗಳ ಕಾಲ ಈ ಎರಡು ದರಗಳ ವ್ಯವಸ್ಥೆ ಹೆಚ್ಚು ಸದ್ದಿಲ್ಲದೆ ನಡೆಯಿತು. 1979–80ರಲ್ಲಿ ನಗರದ ಬೊಕ್ಕಸಕ್ಕೆ ಹಣ ಬೇಕಾದಾಗ, ನಗರಸಭೆ ಇತರ ತೆರಿಗೆಗಳನ್ನು ಏರಿಸುವ ಬದಲು ನೆಲದ ದರವನ್ನೇ ಏರಿಸಿತು. ಅದು ಕಟ್ಟಡದ ದರದ ಐದು ಪಟ್ಟನ್ನೂ ಮೀರಿತು.

ನಮ್ಮ ಎರಡು ನಿವೇಶನಗಳಿಗೆ ಐದು ಪಟ್ಟಿನ ಲೆಕ್ಕ ಹಾಕಿ ನೋಡಬಹುದು. ಅದೇ 12,000 ಡಾಲರ್ ಬರಬೇಕಾದರೆ ಕಟ್ಟಡಕ್ಕೆ ಶೇ. 0.86, ನೆಲಕ್ಕೆ ಶೇ. 4.29ರಷ್ಟು ದರ ಬೀಳುತ್ತದೆ. ಖಾಲಿ ಜಾಗದ ತೆರಿಗೆ 2,000 ಡಾಲರಿನಿಂದ ಸುಮಾರು 4,290ಕ್ಕೆ ಏರುತ್ತದೆ. ಐದಂತಸ್ತಿನ ಕಟ್ಟಡದವರದು 10,000ದಿಂದ 7,710ರ ಆಸುಪಾಸಿಗೆ ಇಳಿಯುತ್ತದೆ. ಇದು ಪುಸ್ತಕದ ಭೂಮೌಲ್ಯ ತೆರಿಗೆಯಲ್ಲ, ಅದರ ಕಡೆಗೆ ಅರ್ಧ ದಾರಿ. ಅದೂ ಪಿಟ್ಸ್‌ಬರ್ಗಿನಲ್ಲಿ ನಗರಸಭೆಯ ಪಾಲಿನ ತೆರಿಗೆಗಷ್ಟೇ ಈ ಭೇದವಿತ್ತು. ಅದೇ ಆಸ್ತಿಯ ಮೇಲೆ ಕೌಂಟಿ ಎಂಬ ಜಿಲ್ಲಾಡಳಿತ ಮತ್ತು ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆ ವಿಧಿಸುತ್ತಿದ್ದ ತೆರಿಗೆಗಳು ನೆಲ-ಕಟ್ಟಡ ಎಂಬ ಭೇದವಿಲ್ಲದ ಹಳೆಯ ರೀತಿಯವೇ ಆಗಿದ್ದವು.

ಉಕ್ಕಿನ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚುತ್ತಿದ್ದ ಆ ದಶಕದಲ್ಲಿ ಪಿಟ್ಸ್‌ಬರ್ಗಿನ ನಿರ್ಮಾಣ ಕೆಲಸ ಕುಗ್ಗಬೇಕಿತ್ತು. ಆದದ್ದು ಬೇರೆ. ವ್ಯಾಲೇಸ್ ಓಟ್ಸ್ ಮತ್ತು ರಾಬರ್ಟ್ ಶ್ವಾಬ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1980ರ ದಶಕದಲ್ಲಿ ಕಟ್ಟಡ ಪರವಾನಗಿಗಳ ವಾರ್ಷಿಕ ಮೌಲ್ಯ ಹಿಂದಿನ ಎರಡು ದಶಕಗಳ ಸರಾಸರಿಗಿಂತ ಸುಮಾರು ಶೇ. 70 ಹೆಚ್ಚಿತ್ತು, ಹೋಲಿಕೆಗೆ ತೆಗೆದುಕೊಂಡ ಆ ಭಾಗದ ಇತರ ನಗರಗಳಲ್ಲಿ ಬಹುಪಾಲು ಕಡೆ ಅದು ಇಳಿದಿತ್ತು. ಈ ತೆರಿಗೆಯ ಅಭಿಮಾನಿಗಳು ಇಲ್ಲಿಗೇ ನಿಲ್ಲಿಸುತ್ತಾರೆ. ಅಧ್ಯಯನಕಾರರು ನಿಲ್ಲಿಸಲಿಲ್ಲ. ಕಚೇರಿ ಜಾಗಕ್ಕೆ ಆಗ ಕೊರತೆಯಿತ್ತು, ನಿರ್ಮಾಣದ ಭರಾಟೆಗೆ ಅದೇ ದೊಡ್ಡ ಕಾರಣವಿರಬಹುದು ಎಂದು ಅವರು ಎಚ್ಚರಿಸಿದರು. ಹಣಕ್ಕಾಗಿ ಕಟ್ಟುವವರನ್ನು ಹಿಂಜರಿಸುವಂಥ ಬೇರೆ ತೆರಿಗೆಗಳನ್ನು ಏರಿಸುವ ಪ್ರಮೇಯ ನಗರಕ್ಕೆ ಬರಲಿಲ್ಲ, ಭೂಮಿಯ ತೆರಿಗೆಯ ಪಾಲು ಅಷ್ಟು ಎಂಬುದು ಅವರ ಅಳೆದು ತೂಗಿದ ಮಾತು. ನನಗೆ ಅದು ಸಣ್ಣ ಪಾಲೆಂದು ತೋರುವುದಿಲ್ಲ.

ಇಂಥ ವ್ಯವಸ್ಥೆ 2001ರಲ್ಲಿ ಕೊನೆಗೊಂಡಿತು, ಮತ್ತು ಅದನ್ನು ಮುಳುಗಿಸಿದ್ದು ದರವಲ್ಲ, ಮೌಲ್ಯಮಾಪನದ ಕಡತ. ಅಲ್ಲಿ ಆಸ್ತಿಗಳಿಗೆ ಬೆಲೆ ಕಟ್ಟುವ ಹೊಣೆ ಕೌಂಟಿಯದು, ಮತ್ತು ಆ ಬೆಲೆಗಳು ಬಹಳ ಹಳತಾಗಿದ್ದವು. ವಿವಾದ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಇಡೀ ಕೌಂಟಿಯಲ್ಲಿ ಹೊಸದಾಗಿ ಬೆಲೆ ಕಟ್ಟಲಾಯಿತು. ಕೆಲವು ಬಡಾವಣೆಗಳಲ್ಲಿ ನೆಲದ ಬೆಲೆ ಒಮ್ಮೆಲೇ ಹಲವು ಪಟ್ಟು ಏರಿತು. ಆಸ್ತಿಯ ಒಟ್ಟು ಬೆಲೆ ಸರಿಯಾಗಿದ್ದರೆ ಸಾಮಾನ್ಯ ಆಸ್ತಿ ತೆರಿಗೆಗೆ ತೊಂದರೆಯಿಲ್ಲ: ನೆಲಕ್ಕೆ 1 ಲಕ್ಷ, ಕಟ್ಟಡಕ್ಕೆ 4 ಲಕ್ಷ ಎಂದು ಬರೆದರೂ, 2 ಲಕ್ಷ ಮತ್ತು 3 ಲಕ್ಷ ಎಂದು ಬರೆದರೂ ಬಿಲ್ಲು 10,000 ಡಾಲರೇ. ಐದು ಪಟ್ಟು ದರದ ವ್ಯವಸ್ಥೆಯಲ್ಲಿ ಮೇಲಿನ ದರಗಳ ಪ್ರಕಾರವೇ ಅದು 7,710ರಿಂದ 11,140ಕ್ಕೆ ಜಿಗಿಯುತ್ತದೆ. ಯಾರೂ ಗಮನಿಸದ ಒಂದು ಕಾಲಮ್ಮಿನ ತಪ್ಪು ದೊಡ್ಡದಾಗಿ ಮನೆಬಾಗಿಲಿಗೆ ಬಂತು. ಸಿಟ್ಟೆದ್ದದ್ದು ಮನೆ ಮಾಲೀಕರಿಗೆ. ನಗರಸಭೆ ಕಡತವನ್ನು ತಿದ್ದುವ ಬದಲು ಎರಡು ದರಗಳನ್ನೇ ಕೈಬಿಟ್ಟಿತು.

ನೆಲದ ಬೆಲೆಯನ್ನು ಕಟ್ಟಡದ ಬೆಲೆಯಿಂದ ಬಿಡಿಸುವುದು ಅಸಾಧ್ಯವೇನಲ್ಲ. ಸುತ್ತಮುತ್ತ ಖಾಲಿ ನಿವೇಶನಗಳು ಮಾರಾಟವಾಗಿದ್ದರೆ ಅವುಗಳ ದರ ನೋಡಬಹುದು. ನಗರದ ನಡುವೆ ಅಂಥ ಮಾರಾಟ ವಿರಳವಾದ್ದರಿಂದ ಇನ್ನೊಂದು ಉಪಾಯ ಬೇಕಾಗುತ್ತದೆ: ಮಾರಾಟವಾದ ಆಸ್ತಿಯ ಪೂರ್ಣ ಬೆಲೆಯಿಂದ, ಆ ಕಟ್ಟಡವನ್ನು ಈಗ ಹೊಸದಾಗಿ ಕಟ್ಟಲು ಬೇಕಾಗುವ ವೆಚ್ಚದಲ್ಲಿ ಸವಕಳಿ ಕಳೆದು ಉಳಿದದ್ದನ್ನು ತೆಗೆದರೆ ಸಿಗುವುದು ನೆಲದ ಬೆಲೆ. ಕೆಡುವುದು ಸೋಮಾರಿ ದಾರಿ ಹಿಡಿದಾಗ, ಅಂದರೆ ಎಲ್ಲ ಆಸ್ತಿಗಳಲ್ಲೂ ಒಟ್ಟು ಬೆಲೆಯ ಇಂತಿಷ್ಟು ಪಾಲು ನೆಲದ್ದು ಎಂದು ಬರೆದುಬಿಟ್ಟಾಗ. ಹಾಗೆ ಬರೆದ ಕಡತವನ್ನು ಪತ್ತೆ ಹಚ್ಚುವುದು ಸುಲಭ. ಅಕ್ಕಪಕ್ಕದ ಸಮಾನ ಅಳತೆಯ ಎರಡು ನಿವೇಶನಗಳಲ್ಲಿ, ಹೊಸ ಕಟ್ಟಡವಿರುವ ಕಡೆ ಚದರಡಿಯ ನೆಲಕ್ಕೆ ಹೆಚ್ಚು ಬೆಲೆ, ಹಳೆಯ ಮನೆ ಇರುವ ಕಡೆ ಕಡಿಮೆ ಬೆಲೆ ಕಂಡರೆ ಅದು ನೆಲದ ಬೆಲೆಯಲ್ಲ; ಕಟ್ಟಡದ ತೆರಿಗೆಯೇ ಬೇರೆ ಹೆಸರಿನಲ್ಲಿ ಒಳಗೆ ಬಂದಿದೆ.

ಕಡತ ಸರಿಯಾಗಿದ್ದರೂ ಉಳಿಯುವ ತೊಡಕು ಎರಡು. ಬೆಲೆಬಾಳುವ ಜಾಗದಲ್ಲಿ ಹಳೆಯ ಮನೆ ಇಟ್ಟುಕೊಂಡು ಪಿಂಚಣಿಯಲ್ಲಿ ಬದುಕುವವರ ಕೈಯಲ್ಲಿ ತೆರಿಗೆ ಕಟ್ಟುವಷ್ಟು ನಗದು ಇರುವುದಿಲ್ಲ. ನೆಲದ ಮೇಲೆ ಪ್ರತ್ಯೇಕ ತೆರಿಗೆ ಇರುವ ಡೆನ್ಮಾರ್ಕ್‌ನಲ್ಲಿ ಪಿಂಚಣಿದಾರರು ಅದನ್ನು ಮನೆಯ ಮೇಲಿನ ಸಾಲವಾಗಿ ಮುಂದೂಡಬಹುದು, ಮನೆ ಮಾರಾಟವಾದಾಗ ತೀರಿಸಬಹುದು. ಎರಡನೆಯ ತೊಡಕಿಗೆ ಇಷ್ಟು ಸಲೀಸಾದ ಪರಿಹಾರವಿಲ್ಲ. ವರ್ಷಕ್ಕೆ 5,000 ಡಾಲರ್ ಗೇಣಿ ತರುವ ಜಾಗಕ್ಕೆ, ಬಡ್ಡಿದರ ಶೇ. 5 ಇರುವಾಗ, 1 ಲಕ್ಷ ಡಾಲರ್ ಬೆಲೆ ಬರುತ್ತದೆ. ಅದರ ಮೇಲೆ ವರ್ಷಕ್ಕೆ 2,000 ಡಾಲರ್ ಹೊಸ ತೆರಿಗೆ ಬಿದ್ದರೆ ಮಾಲೀಕರಿಗೆ ಉಳಿಯುವುದು 3,000, ಹಾಗಾಗಿ ಜಾಗದ ಬೆಲೆ 60,000ಕ್ಕೆ ಇಳಿಯುತ್ತದೆ. ಮುಂದೆ ಕೊಳ್ಳುವವರಿಗೆ ನಷ್ಟವಿಲ್ಲ, ಅವರು ಕಡಿಮೆ ಬೆಲೆಗೇ ಕೊಂಡಿರುತ್ತಾರೆ. ತಲೆಮಾರುಗಳಿಂದ ಏರುತ್ತ ಬಂದ ಬೆಲೆಯನ್ನು ಸುಮ್ಮನೆ ಅನುಭವಿಸಿದವರಿಗೆ ಇದು ಅನ್ಯಾಯವೆಂದು ಹೇಳುವುದು ಕಷ್ಟ. ಆದರೆ ಕಳೆದ ತಿಂಗಳಷ್ಟೇ ಸಾಲ ಮಾಡಿ ಪೂರ್ತಿ 1 ಲಕ್ಷ ಕೊಟ್ಟು ಕೊಂಡವರೂ ಅದೇ 40,000 ಡಾಲರನ್ನು ಕಳೆದುಕೊಳ್ಳುತ್ತಾರೆ, ಮತ್ತು ತೆರಿಗೆ ಅವರಿಬ್ಬರನ್ನು ಬೇರೆಬೇರೆಯಾಗಿ ಕಾಣಲಾರದು. ಪಿಟ್ಸ್‌ಬರ್ಗ್ ಮೊದಲ ಬಾರಿಗೆ ದರ ಬದಲಿಸಲು ಹನ್ನೆರಡು ವರ್ಷ ತೆಗೆದುಕೊಂಡಿತ್ತು. 2001ರಲ್ಲಿ ಹೊಸ ಬೆಲೆ ಒಂದೇ ವರ್ಷದ ನೋಟಿಸಿನಲ್ಲಿ ಬಂತು.