ಕೂಸಿನ ಸೊಂಟದಲ್ಲೊಂದು 'ದಡಕ್'

ಸುಮಾರು ತೊಂಬತ್ತು ವರ್ಷದ ಹಿಂದಿನ ಮಾತು. ಇಟಲಿಯ ಫೆರಾರಾದಲ್ಲಿ ಮರೀನೊ ಒರ್ಟೊಲಾನಿ ಎಂಬ ಮಕ್ಕಳ ಡಾಕ್ಟರ ಹತ್ತಿರ ತಾಯಿಯೊಬ್ಬಳು ಕೂಸನ್ನು ತಂದಳು. ಲಂಗೋಟಿ ಬಿಚ್ಚಿ ತೊಳೆಯಲು ಕಾಲು ಅಗಲಿಸಿದರೆ ಒಳಗೆ ಏನೋ ಜಾರಿದ ಹಾಗೆ ಆಗುತ್ತದೆ ಅನ್ನುವುದು ಅವಳ ದೂರು. ಒರ್ಟೊಲಾನಿ ಅದನ್ನು ತಳ್ಳಿಹಾಕಲಿಲ್ಲ. ತಾನೂ ಕಾಲು ಅಗಲಿಸಿ ನೋಡಿದರು. ಆ ಅನುಭವದ ಮೇಲೆ ಅವರು 1937ರಲ್ಲಿ ಬರೆದ ಪರೀಕ್ಷೆಯನ್ನು ಇವತ್ತಿಗೂ ಹೆರಿಗೆ ವಾರ್ಡುಗಳಲ್ಲಿ ಮಾಡುತ್ತಾರೆ.

ಸೊಂಟದ ಕೀಲು ಅಂದರೆ ಒಂದು ಗುಂಡು, ಒಂದು ಬಟ್ಟಲು. ತೊಡೆಮೂಳೆಯ ತುದಿಯ ಗುಂಡು ಸೊಂಟದ ಮೂಳೆಯ ಬಟ್ಟಲಲ್ಲಿ ಕೂತಿರಬೇಕು. ಹುಟ್ಟುವಾಗ ಈ ಬಟ್ಟಲು ಪೂರ್ತಿ ಆಳವಾಗಿರುವುದಿಲ್ಲ. ಗುಂಡು ಒಳಗೆ ಕೂತು ಒತ್ತುತ್ತಿದ್ದರೇ ಅದು ಆಳವಾಗಿ ಬೆಳೆಯುವುದು. ಗುಂಡು ಹೊರಗೆ ಜಾರಿದ್ದರೆ ಬಟ್ಟಲು ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ. ತಟ್ಟೆಯಲ್ಲಿ ಗುಂಡು ನಿಲ್ಲುವುದಿಲ್ಲ. ವೈದ್ಯರು ಡಿಡಿಎಚ್ ಅನ್ನುವುದು ಇದಕ್ಕೇ. ಕೂಸಿಗೆ ಇದರಿಂದ ಒಂದು ಚೂರೂ ನೋವಿಲ್ಲ, ಹಾಗಾಗಿ ಅಳುವುದೂ ಇಲ್ಲ. ಯಾರಾದರೂ ಹುಡುಕಿದರೆ ಮಾತ್ರ ಸಿಗುತ್ತದೆ.

ಒಂದು ಕೂಸನ್ನು ಊಹಿಸಿಕೊಳ್ಳೋಣ. ಹೆಣ್ಣುಮಗು, ಚೊಚ್ಚಲು. ಹೊಟ್ಟೆಯೊಳಗೆ ಕೊನೆಯವರೆಗೂ ತಲೆ ಮೇಲೆ, ಕುಂಡೆ ಕೆಳಗೆ ಮಾಡಿಕೊಂಡು ಕೂತಿತ್ತು. ಸಿಸೇರಿಯನ್ ಆಯಿತು. ಹೆಣ್ಣು, ಚೊಚ್ಚಲು, ಕುಂಡೆ ಕೆಳಗೆ: ಈ ಮೂರೂ ಡಿಡಿಎಚ್ ಸಾಧ್ಯತೆಯನ್ನು ಹೆಚ್ಚಿಸುವ ಸಂಗತಿಗಳೇ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಇದ್ದಿದ್ದರೆ ಇನ್ನೊಂದು ಸೇರಿಸಿಕೊಳ್ಳಿ.

ಎರಡನೇ ದಿನ ಡಾಕ್ಟರು ಕೂಸನ್ನು ಅಂಗಾತ ಮಲಗಿಸುತ್ತಾರೆ. ಅದು ಹಾಲು ಕುಡಿದು ಸಮಾಧಾನವಾಗಿರಬೇಕು. ಅಳುವ ಕೂಸು ಕಾಲು ಬಿಗಿಹಿಡಿಯುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ಮಂಡಿ ಮಡಿಸಿ, ತೊಡೆ ನೆಟ್ಟಗೆ ಮೇಲಕ್ಕೆತ್ತಿ, ಹೆಬ್ಬೆರಳನ್ನು ತೊಡೆಯ ಒಳಬದಿಗೆ, ನಡುಬೆರಳನ್ನು ಹೊರಗೆ ಸೊಂಟದ ಉಬ್ಬಿನ ಮೇಲೆ ಇಡುತ್ತಾರೆ. ಒಂದು ಕೈ ಸೊಂಟವನ್ನು ಅಲುಗದಂತೆ ಹಿಡಿದಿರುತ್ತದೆ. ಒಂದು ಸಲಕ್ಕೆ ಒಂದೇ ಕಾಲು.

ಒರ್ಟೊಲಾನಿ ಪರೀಕ್ಷೆಯಲ್ಲಿ ತೊಡೆಯನ್ನು ಮೆಲ್ಲಗೆ ಹೊರಕ್ಕೆ ಅಗಲಿಸುತ್ತಾ ನಡುಬೆರಳಿಂದ ಎತ್ತುತ್ತಾರೆ. ಗುಂಡು ಆಗಲೇ ಹೊರಗಿದ್ದರೆ ಬಟ್ಟಲಿನ ಅಂಚು ಹಾರಿ ಒಳಗೆ ಬೀಳುತ್ತದೆ. 'ದಡಕ್' ಅನ್ನುವುದು ಬೆರಳಿಗೆ ತಿಳಿಯುತ್ತದೆ. ಬಾರ್ಲೋ ಪರೀಕ್ಷೆ ಇದರ ಉಲ್ಟಾ. ತೊಡೆಯನ್ನು ಮಧ್ಯಕ್ಕೆ ತಂದು ಹಿಂದಕ್ಕೆ ಹಗುರವಾಗಿ ಒತ್ತುತ್ತಾರೆ. ಸಡಿಲ ಕೀಲಾದರೆ ಗುಂಡು ಹೊರಕ್ಕೆ ಜಾರುತ್ತದೆ, ಕೈ ಬಿಟ್ಟರೆ ಮರಳುತ್ತದೆ. ಇಲ್ಲಿ ಒಂದು ಗೊಂದಲ ಆಗುತ್ತದೆ. 'ಟಿಕ್' ಎಂದು ಕಿವಿಗೆ ಕೇಳುವುದು ಬೇರೆ, 'ದಡಕ್' ಎಂದು ಕೈಗೆ ಸಿಗುವುದು ಬೇರೆ. ಸ್ನಾಯು, ನರಕಟ್ಟು ಸರಿದಾಗ ಬರುವ 'ಟಿಕ್' ಬಹುಪಾಲು ನಿರುಪದ್ರವಿ. ಇನ್ನು ಜೋರಾಗಿ ಒತ್ತಿ, ಪದೇಪದೇ ಮಾಡಿ ನೋಡುವುದೂ ಸರಿಯಲ್ಲ.

ನಮ್ಮ ಕೂಸಿನ ಎಡಗಾಲಿನಲ್ಲಿ ಬಾರ್ಲೋ ಪರೀಕ್ಷೆ ಪಾಸಿಟಿವ್ ಬಂತು. ಗುಂಡು ಒಳಗೇ ಇದೆ, ಆದರೆ ತಳ್ಳಿದರೆ ಹೋಗುತ್ತದೆ. ತಕ್ಷಣ ಪಟ್ಟಿ ಹಾಕಿದರೆ ಆಗಲ್ವಾ? ಇಂಗ್ಲೆಂಡಿನ ಸಾಲ್ಫರ್ಡ್‌ನ ಬಾರ್ಲೋ 1962ರಲ್ಲೇ ಇದಕ್ಕೆ ಲೆಕ್ಕ ಕೊಟ್ಟಿದ್ದರು. ಅವರು ನೋಡಿದ ಸಡಿಲ ಕೀಲುಗಳಲ್ಲಿ ನೂರಕ್ಕೆ 60ರಷ್ಟು ಮೊದಲ ವಾರದಲ್ಲೇ ತಾವಾಗಿ ಗಟ್ಟಿಯಾದವು. ಎರಡು ತಿಂಗಳಲ್ಲಿ 88. ಹಾಗಾಗಿ ಈ ಕೂಸಿಗೆ ಕಾಯುವುದೇ ಮೇಲು. ಎರಡು ವಾರಕ್ಕೆ ಮತ್ತೆ ಕೈಪರೀಕ್ಷೆ, ಆರು ವಾರಕ್ಕೆ ಸ್ಕ್ಯಾನ್.

ಎಕ್ಸ್‌ರೇ ಯಾಕಲ್ಲ? ಕೂಸಿನ ಆ ಗುಂಡು ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೆತ್ತನೆಯ ಎಲುಬಾಗಿರುತ್ತದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಅದರ ನಡುವೆ ಮೂಳೆಯ ಚುಕ್ಕೆ ಮೂಡುವುದು ನಾಲ್ಕರಿಂದ ಆರು ತಿಂಗಳ ಹೊತ್ತಿಗೆ. ಅಲ್ಟ್ರಾಸೌಂಡಿನ ಅಲೆ ಮಾತ್ರ ಮೆತ್ತನೆಯ ಎಲುಬನ್ನು ದಾಟಿ ಹೋಗಿ ಬಟ್ಟಲಿನ ಚಾವಣಿಯನ್ನೂ ತೋರಿಸುತ್ತದೆ. ಆಸ್ಟ್ರಿಯಾದ ರೈನ್‌ಹಾರ್ಡ್ ಗ್ರಾಫ್ 1980ರಲ್ಲಿ ಈ ಚಿತ್ರವನ್ನು ಅಳೆಯುವ ದಾರಿ ಕೊಟ್ಟರು. ಸೊಂಟದ ಮೂಳೆಯ ನೇರ ಅಂಚಿನ ಮೇಲೆ ಒಂದು ಗೆರೆ, ಬಟ್ಟಲಿನ ಚಾವಣಿಯ ಮೇಲೆ ಇನ್ನೊಂದು. ಎರಡರ ನಡುವಿನ ಕೋನವೇ ಆಲ್ಫಾ. 60 ಡಿಗ್ರಿ ಅಥವಾ ಜಾಸ್ತಿ ಇದ್ದರೆ ಬಟ್ಟಲು ಚೆನ್ನಾಗಿದೆ. ಮೂರು ತಿಂಗಳೊಳಗಿನ ಕೂಸಿಗೆ 50ರಿಂದ 59 ಬಂದರೆ ಸಾಮಾನ್ಯವಾಗಿ ಇನ್ನೂ ಬಲಿತಿಲ್ಲ ಅಂತ, ಕಾದು ನೋಡಬಹುದು. 50ಕ್ಕಿಂತ ಇಳಿದರೆ ಚಿಕಿತ್ಸೆ ಬೇಕು.

ಈ ಅಂಕಿ, ಸ್ಕ್ಯಾನಿನ ಪ್ರೋಬ್ ಹಿಡಿದ ಕೈಯನ್ನೂ ಅವಲಂಬಿಸಿದೆ. ಪ್ರೋಬ್ ಸ್ವಲ್ಪ ವಾಲಿದರೂ ಒಳ್ಳೆಯ ಬಟ್ಟಲು ಆಳವಿಲ್ಲದ ಹಾಗೆ ಕಾಣಬಹುದು. ಸೊಂಟದ ಮೂಳೆಯ ಅಂಚು ನೆಟ್ಟಗಿದೆಯಾ, ಬಟ್ಟಲಿನ ತಳದ ಮೂಳೆ, ಅಂಚಿನ ಮೆತ್ತನೆಯ ತುಟಿ ಕಾಣುತ್ತಿದೆಯಾ ಎಂದು ನೋಡದೆ ಅಳೆದ ಆಲ್ಫಾಗೆ ಬೆಲೆಯಿಲ್ಲ.

ನಮ್ಮ ಕೂಸಿಗೆ ಬಲಗಡೆ 63, ಎಡಗಡೆ 47 ಬಂತು. ಇನ್ನು ಪಾವ್ಲಿಕ್ ಹಾರ್ನೆಸ್ ಎಂಬ ಪಟ್ಟಿಗಳ ಕಟ್ಟು. ಅದಕ್ಕೆ ಮುಂಚೆ ಕಾಲನ್ನು ಬಲವಂತವಾಗಿ ಅಗಲಿಸಿ ಪ್ಲಾಸ್ಟರ್ ಹಾಕುತ್ತಿದ್ದರು. ಒತ್ತಡಕ್ಕೆ ಗುಂಡಿನ ರಕ್ತ ಓಡಾಟ ನಿಂತು ಎಷ್ಟೋ ಮಕ್ಕಳ ಗುಂಡೇ ಕುಸಿಯುತ್ತಿತ್ತು. ಚೆಕ್ ವೈದ್ಯ ಅರ್ನೋಲ್ಡ್ ಪಾವ್ಲಿಕ್ 1940ರ ದಶಕದಲ್ಲಿ ಬೇರೆ ಯೋಚನೆ ಮಾಡಿದರು. ಕಾಲನ್ನು ಕಟ್ಟಿಹಾಕುವುದು ಬೇಡ, ಚಾಚುವುದನ್ನೂ ಒಟ್ಟು ಸೇರಿಸುವುದನ್ನೂ ಮಾತ್ರ ತಡೆದರೆ ಸಾಕು. ಉಳಿದದ್ದನ್ನು ಕೂಸೇ ಒದ್ದಾಡಿ ಮಾಡಿಕೊಳ್ಳುತ್ತದೆ.

ಎದೆಗೆ ಒಂದು ಪಟ್ಟಿ, ಹೆಗಲಿಗೆ ಎರಡು, ಪಾದಕ್ಕೆ ಚೀಲದಂಥ ಹಿಡಿಕೆ. ಮುಂದಿನ ಪಟ್ಟಿ ತೊಡೆಯನ್ನು ಸುಮಾರು 90ರಿಂದ 100 ಡಿಗ್ರಿ ಮಡಿಸಿ ಇಡುತ್ತದೆ. ಹಿಂದಿನ ಪಟ್ಟಿ ಸಡಿಲ, ಮಂಡಿಗಳು ಕೂಡದಂತೆ ತಡೆಯುವಷ್ಟೇ. ಅದನ್ನು ಬಿಗಿದು ಕಾಲು ಎಳೆದು ಅಗಲಿಸಿದರೆ ಹಳೆಯ ಪ್ಲಾಸ್ಟರಿನ ಅಪಾಯವೇ ವಾಪಸ್. ಮುಂದಿನ ಪಟ್ಟಿ ಅತಿಯಾಗಿ ಬಿಗಿದರೆ ತೊಡೆಯ ಮುಂದಿನ ನರ ಒತ್ತಿಹೋಗುತ್ತದೆ. ಅಂಗಾಲಿಗೆ ಕಚಗುಳಿ ಇಟ್ಟರೆ ಕೂಸು ಮಂಡಿ ಚಾಚಿ ಒದೆಯಬೇಕು. ಒದೆಯುವುದು ನಿಂತಿದ್ದರೆ ಅವತ್ತೇ ಡಾಕ್ಟರಿಗೆ ಹೇಳಬೇಕು. ಪಟ್ಟಿ ಸಡಿಲಿಸಿದರೆ ಅಥವಾ ತೆಗೆದರೆ ನರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ಮೊದಮೊದಲು ಹೆಚ್ಚುಕಡಿಮೆ ಇಡೀ ದಿನ ಹಾಕಿರಬೇಕು. ನಮ್ಮ ಕಡೆ ಬಾಣಂತಿ ಮನೆಯಲ್ಲಿ ತಿಕ್ಕಿ ತಿಕ್ಕಿ ನೀರೆರೆಯುವ ಸಂಭ್ರಮಕ್ಕೆ ಆಗ ಅಡ್ಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂದರೆ ಅಜ್ಜಿಯಂದಿರು ಒಪ್ಪುವುದು ಕಷ್ಟ. ಡೈಪರ್ ಪಟ್ಟಿಯ ಕೆಳಗೆ ಹಾಕಬೇಕು. ಬದಲಿಸುವಾಗ ಪಾದ ಹಿಡಿದು ಎತ್ತಬಾರದು, ಕುಂಡೆಯ ಕೆಳಗೆ ಕೈ ಕೊಡಬೇಕು. ನೀರೆರೆದ ಮೇಲೆ ಕಾಲು ನೀಟಾಗಿ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತುವುದು ಈ ಕೀಲಿಗೆ ಒಳ್ಳೆಯದಲ್ಲ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡರೆ ಕಾಲು ತಾನಾಗಿ ಅಗಲವಾಗುತ್ತದೆ, ಅದು ಒಳ್ಳೆಯ ಭಂಗಿ.

ಹಾರ್ನೆಸ್ ಹಾಕಿ ಮೂರು ವಾರಕ್ಕೆ ನಮ್ಮ ಕೂಸಿನ ಎಡ ಆಲ್ಫಾ 54, ಆರು ವಾರಕ್ಕೆ 61. ಹಾರ್ನೆಸ್ ತೆಗೆದರು. ಗುಂಡು ಮೊದಲೇ ಪೂರ್ತಿ ಹೊರಗಿದ್ದ ಕೂಸಾಗಿದ್ದರೆ ಕಥೆ ಬೇರೆಯಾಗಬಹುದಿತ್ತು. ಮೂರು, ನಾಲ್ಕು ವಾರವಾದರೂ ಗುಂಡು ಒಳಗೆ ಕೂರದಿದ್ದರೆ ಹಾರ್ನೆಸ್ ನಿಲ್ಲಿಸಲೇಬೇಕು. ಇನ್ನೊಂದಿಷ್ಟು ದಿನ ಇರಲಿ ಅಂತ ಬಿಟ್ಟರೆ ಗುಂಡು ಬಟ್ಟಲಿನ ಹಿಂದಿನ ಗೋಡೆಗೆ ಒತ್ತಿ ಅದನ್ನೇ ಸವೆಸುತ್ತದೆ. ಮುಂದೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿ ಪ್ಲಾಸ್ಟರ್ ಹಾಕುವ ದಾರಿ.

ಎರಡು ಮೂರು ತಿಂಗಳಾದ ಮೇಲೆ 'ದಡಕ್' ಸಿಗುವುದು ಅಪರೂಪ. ಸುತ್ತಲಿನ ಸ್ನಾಯು ಬಿಗಿದುಕೊಂಡು ಗುಂಡು ಹೊರಗೇ ನೆಲೆಯೂರಿರುತ್ತದೆ. ಆಗ ನೋಡಬೇಕಾದದ್ದು ಒಂದು ತೊಡೆ ಇನ್ನೊಂದರಷ್ಟು ಅಗಲವಾಗುತ್ತಿದೆಯಾ, ಮಂಡಿ ಮಡಿಸಿ ಜೋಡಿಸಿದರೆ ಒಂದು ಮಂಡಿ ಕೆಳಗಿದೆಯಾ ಎಂದು. ಎರಡೂ ಕಡೆ ಜಾರಿದ್ದರೆ ಮಂಡಿಗಳು ಸಮವಾಗಿಯೇ ಕಾಣುತ್ತವೆ. ಅಂಥ ಮಗು ಎಷ್ಟೋ ಸಲ ಸಿಕ್ಕಿಬೀಳುವುದು ಬಾತುಕೋಳಿಯ ಹಾಗೆ ನಡೆಯಲು ಶುರು ಮಾಡಿದ ಮೇಲೆಯೇ.

ನಮ್ಮ ಕೂಸಿಗೆ ಆರು ತಿಂಗಳಿಗೆ ಒಂದು ಎಕ್ಸ್‌ರೇ ಇದೆ. ಆಗ ಗುಂಡಿನ ನಡುವಿನ ಚುಕ್ಕೆ ಕಾಣಬೇಕು, ಎರಡೂ ಕಡೆ.