ಸಾವಿರ ಎಲೆಯ ಮದುವೆಗೆ ಕೊಟೇಷನ್ ಹೇಗೆ ಬರೆಯೋದು?

ಪ್ರಶ್ನೆ: ಇಲ್ಲಿವರೆಗೆ ನಾಮಕರಣ, ಗೃಹಪ್ರವೇಶದ ಅಡುಗೆ ಮಾಡ್ತಿದ್ದೆ. ಈಗ 1,000 ಜನರ ಮದುವೆ ಬಂದಿದೆ. ಎಲೆಗೆ ಎಷ್ಟು ಅಂತ ಹೇಳಲಿ? ಜನ ಜಾಸ್ತಿ ಇದ್ದಾರೆ, ರೇಟು ತುಂಬಾ ಇಳಿಸಬೇಕು ಅಂತಾರೆ. ಅಡ್ವಾನ್ಸ್ ಎಷ್ಟು ಕೇಳಬಹುದು?

ಈ ಪ್ರಶ್ನೆ ಪ್ರತಿ ಲಗ್ನದ ಸೀಸನ್‌ನಲ್ಲೂ ಬರುತ್ತೆ. ಪ್ರತಿ ಸಲವೂ ಅದೇ ಮಾತು, "ಜನ ಜಾಸ್ತಿ, ರೇಟು ಕಮ್ಮಿ". ಅದಕ್ಕೇ ಇವತ್ತು ಲೆಕ್ಕವನ್ನೇ ಬಿಡಿಸಿ ಇಡ್ತೀನಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸೋಕೆ ಹಾಕಿದ್ದು, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಮುಹೂರ್ತದ ಊಟ ಮಾತ್ರ ತಗೊಳ್ಳೋಣ. ಬಾಳೆ ಎಲೆ, ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಹುಳಿ, ಸಾರು, ಬೋಂಡ, ಹಪ್ಪಳ, ಹೋಳಿಗೆ, ಪಾಯಸ, ಮೊಸರು. ಇದರಲ್ಲಿ ಖರ್ಚು ಎರಡು ಥರ. ಒಂದು, ತಲೆ ಎಣಿಸಿ ಏರುವ ಖರ್ಚು: ದಿನಸಿ, ತರಕಾರಿ, ಹಾಲು, ಮೊಸರು, ತುಪ್ಪ ಸೇರಿ ತಲೆಗೆ 135 ರೂಪಾಯಿ, ಎಲೆ, ನೀರಿನ ಬಾಟಲಿ, ಟೇಬಲ್ ಪೇಪರ್‌ಗೆ 22. ಒಟ್ಟು 157. ಐನೂರು ಜನ ಬರಲಿ, ಸಾವಿರ ಬರಲಿ, ಈ 157 ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಬೇಳೆ ಮೂಟೆಗಟ್ಟಲೆ ತಗೊಂಡ್ರೆ ಸ್ವಲ್ಪ ಉಳಿಯಬಹುದು, ಆದ್ರೆ ಹೂಕೋಸು, ಬೀನ್ಸ್ ಲಗ್ನದ ದಿನಗಳಲ್ಲಿ ಏರಿ ಅದನ್ನ ನುಂಗಿ ಹಾಕುತ್ತೆ.

ಇನ್ನೊಂದು, ಒಟ್ಟಾಗಿ ಬೀಳುವ ಖರ್ಚು: ಭಟ್ಟರು, ಸಹಾಯಕರು, ಬಡಿಸೋರು, ಗ್ಯಾಸು, ಪಾತ್ರೆ ಬಾಡಿಗೆ, ಗಾಡಿ. 500 ಜನಕ್ಕೆ ಇದು ಸುಮಾರು 56,000 ಅಂದ್ಕೊಳ್ಳಿ, ಎಲೆಗೆ 112 ಆಯ್ತು. 1,000 ಜನಕ್ಕೆ 85,000 ಆಗುತ್ತೆ, ಎಲೆಗೆ 85. ಅಂದ್ರೆ ಐನೂರಕ್ಕೆ ಎಲೆಗೆ 269 ಬಿದ್ದದ್ದು ಸಾವಿರಕ್ಕೆ 242 ಬೀಳುತ್ತೆ. ಉಳಿದದ್ದು 27 ರೂಪಾಯಿ, ಬರೀ ಹತ್ತು ಪರ್ಸೆಂಟ್. ಜನ ಕೇಳೋದು ಮೂವತ್ತು ಪರ್ಸೆಂಟ್!

ಆ ಹತ್ತು ಕೂಡ ಗ್ಯಾರಂಟಿ ಅಲ್ಲ, ಯಾಕಂದ್ರೆ ಬಡಿಸೋರ ಸಂಖ್ಯೆ ನಿರ್ಧಾರ ಆಗೋದು ಬರುವ ಜನರಿಂದ ಅಲ್ಲ, ಒಂದು ಪಂಕ್ತಿಯಲ್ಲಿ ಎಷ್ಟು ಎಲೆ ಹಾಕ್ತೀರಿ ಅನ್ನೋದರಿಂದ. ಛತ್ರದ ಊಟದ ಹಾಲ್‌ನಲ್ಲಿ 250 ಎಲೆ ಹಿಡಿದರೆ ಸಾವಿರ ಜನಕ್ಕೆ ನಾಲ್ಕು ಪಂಕ್ತಿ, ಇಪ್ಪತ್ನಾಲ್ಕು ಜನ ಬಡಿಸೋರು ಸಾಕು. ಅದೇ ಹಾಲ್‌ನಲ್ಲಿ 500 ಎಲೆ ಹಿಡಿದರೆ ಎರಡೇ ಪಂಕ್ತಿಗೆ ಮುಗಿಯುತ್ತೆ, ಆದ್ರೆ ಬಡಿಸೋರು ನಲವತ್ತು ಬೇಕು, ಒಬ್ಬರಿಗೆ 900 ಕೂಲಿ ಅಂದ್ರೆ ಎಲೆ ಮೇಲೆ ಇನ್ನೂ 14 ರೂಪಾಯಿ ಕೂತ್ಕೊಳ್ಳುತ್ತೆ. ಉಳಿತಾಯ 13ಕ್ಕೆ ಇಳೀತು. ಹಾಗಾಗಿ ರೇಟು ಹೇಳೋ ಮುಂಚೆ ಛತ್ರಕ್ಕೆ ಹೋಗಿ ಊಟದ ಹಾಲ್ ನೋಡ್ಕೊಂಡು ಬನ್ನಿ. ಅಡುಗೆಮನೆಯಲ್ಲಿ ನೀರು, ಒಲೆ, ಪಾತ್ರೆ ಏನೇನಿದೆ ಅಂತಾನೂ ನೋಡಿ.

ಈಗ ನಿಜವಾದ ಅಪಾಯಕ್ಕೆ ಬರ್ತೀನಿ. 242ರ ಮೇಲೆ 58 ನಿಮ್ಮದು, ಎಲೆಗೆ 300 ಅಂತ ಕೊಟ್ರಿ. ಮನೆಯವರು "ಬಂದ ಎಲೆಗೆ ದುಡ್ಡು" ಅಂದ್ರು, ನೀವೂ ತಲೆಯಾಡಿಸಿದ್ರಿ. ಸಾವಿರಕ್ಕೆ ಅಡುಗೆ ಆಯ್ತು, ಬಂದದ್ದು 600. ನಿಮ್ಮ ಖರ್ಚು 2,42,000, ಕೈಗೆ ಸಿಗೋದು 1,80,000. ಅರವತ್ತೆರಡು ಸಾವಿರ ಹೋಯ್ತು. ಬೆಂದ ಅನ್ನ ವಾಪಸ್ ಅಂಗಡಿಗೆ ಹೋಗಲ್ಲ, ಅಲ್ವಾ? ಇಲ್ಲಿ 300 ಅನ್ನೋದು ಸಾವಿರ ಎಲೆಗೆ ಅಂಟಿಕೊಂಡ ರೇಟು. ಎಲೆ ಇಳಿದ್ರೆ ಆ ರೇಟೇ ಇಲ್ಲ. ಇದನ್ನ ಎಷ್ಟು ಸಲ ಹೇಳಿದ್ರೂ ಹೊಸಬರು "ಎಲೆಗೆ 300" ಅಂತ ಒಂದೇ ಸಾಲು ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ನಾಗ್ತಾರೆ.

ಕೊಟೇಷನ್‌ನಲ್ಲಿ ಹೀಗೆ ಬರೀರಿ: "ಖಾತ್ರಿ ಎಲೆ 1,000. ಎಲೆಗೆ ರೂ. 300. ಕಮ್ಮಿ ಜನ ಬಂದರೂ 1,000 ಎಲೆಯ ಹಣ ಕೊಡಬೇಕು. 1,050ರವರೆಗೆ ಇದೇ ದರದಲ್ಲಿ ಬಡಿಸುತ್ತೇವೆ. ಅದರ ಮೇಲೆ ಅಡುಗೆ ಇದ್ದರೆ ಮಾತ್ರ, ಎಲೆಗೆ ರೂ. 350. ಸಂಖ್ಯೆ ಬದಲಿಸುವುದಿದ್ದರೆ ಮದುವೆಗೆ 7 ದಿನ ಮೊದಲು ತಿಳಿಸಬೇಕು, 800ಕ್ಕಿಂತ ಇಳಿದರೆ ದರ ಹೊಸದಾಗಿ ಹೇಳುತ್ತೇವೆ." ಐಟಂ ಪಟ್ಟಿಯಲ್ಲಿ ಯಾವುದು ಎಣಿಕೆ, ಯಾವುದು ಕೇಳಿದಷ್ಟು ಅಂತಾನೂ ಬರೀರಿ. ಹೋಳಿಗೆ ಎಲೆಗೊಂದು, ಬೋಂಡ ಒಂದು, ಹುಳಿ, ಸಾರು ಕೇಳಿದಷ್ಟು. ವಾಲಗದವರು, ಫೋಟೋದವರು, ಡ್ರೈವರ್‌ಗಳು ಲೆಕ್ಕಕ್ಕೆ ಸೇರ್ತಾರೆ ಅಂತಲೂ ಒಂದು ಸಾಲು ಇರಲಿ. ಜಗಳ ಹುಟ್ಟೋದೇ ಅಲ್ಲಿ. ಎಲೆ ಎಣಿಸೋಕೆ ಅವರ ಕಡೆಯ ಒಬ್ಬರು, ನಿಮ್ಮ ಕಡೆಯ ಒಬ್ಬರು ನಿಂತು, ಪ್ರತಿ ಪಂಕ್ತಿ ಎದ್ದ ತಕ್ಷಣ ಚೀಟಿಗೆ ಇಬ್ಬರೂ ಸಹಿ ಹಾಕಲಿ. ಸಂಜೆ ಎಲೆ ಕಟ್ಟು ಬಿಚ್ಚಿ ಲೆಕ್ಕ ಹಾಕೋಕೆ ಹೋದ್ರೆ ಹರಿದ ಎಲೆ, ಅಡುಗೆಮನೆಗೆ ಹೋದ ಎಲೆ ಎಲ್ಲಾ ಸೇರಿ ಗೊಂದಲ ಆಗುತ್ತೆ.

ಅಡ್ವಾನ್ಸ್‌ಗೆ ಬರೋಣ. ಜಿಎಸ್‌ಟಿ ನೋಂದಣಿ ಇದ್ದರೆ ಇಂಥ ಹೊರಗಿನ ಅಡುಗೆ ಕೆಲಸಕ್ಕೆ ಸಾಮಾನ್ಯವಾಗಿ 5 ಪರ್ಸೆಂಟ್, ಅದನ್ನ ಬೇರೆ ಸಾಲಿನಲ್ಲೇ ತೋರಿಸಿ. 3,00,000ಕ್ಕೆ 15,000 ಸೇರಿ 3,15,000. ತಾರೀಕು ಕಾಯ್ದಿರಿಸುವಾಗ 25 ಪರ್ಸೆಂಟ್, 78,750. ಮದುವೆಗೆ ಹತ್ತು ದಿನ ಇರುವಾಗ 50 ಪರ್ಸೆಂಟ್, 1,57,500. ಉಳಿದ 78,750 ಊಟದ ದಿನ, ಕೊನೆ ಪಂಕ್ತಿ ಎದ್ದ ಮೇಲೆ, ಪಾತ್ರೆ ಗಾಡಿಗೆ ಹತ್ತೋ ಮುಂಚೆ. ಎರಡನೇ ಕಂತು ಹತ್ತು ದಿನ ಮುಂಚೆಯೇ ಯಾಕೆ? ದಿನಸಿ ತರೋದು ಆಗ. ಎರಡು ಕಂತು ಸೇರಿದ್ರೆ ಸಾಮಾನಿನ 1,57,000 ದಾಟಿ ಕೂಲಿಗೂ ಸ್ವಲ್ಪ ಕೈಲಿರುತ್ತೆ. ಬರೀ ಹತ್ತು ಸಾವಿರ ಟೋಕನ್ ಇಸ್ಕೊಂಡು ಕೂತ್ರೆ ಬೇರೆಯವರ ಮದುವೆಗೆ ನೀವು ಸಾಲ ಮಾಡ್ಬೇಕಾಗುತ್ತೆ. ಇನ್ನೊಂದು ವಿಷಯ, ನಮ್ಮದು ಸೇವೆ ಆದ್ದರಿಂದ ಅಡ್ವಾನ್ಸ್ ಬಂದ ತಿಂಗಳಲ್ಲೇ ಅದರ ಜಿಎಸ್‌ಟಿ ಲೆಕ್ಕಕ್ಕೆ ಬರುತ್ತೆ, ಅದಕ್ಕೆ ರಸೀದಿ ಕೊಡಿ.

ಮದುವೆ ನಿಂತರೆ? ಅದನ್ನೂ ಬರೆದಿಡಿ. ಎರಡು ತಿಂಗಳು ಮುಂಚೆ ಹೇಳಿದರೆ ಪೂರ್ತಿ ವಾಪಸ್, ತಿಂಗಳೊಳಗೆ ಹೇಳಿದರೆ ಮೊದಲ ಕಂತು ವಾಪಸ್ ಇಲ್ಲ, ನಡುವೆ ಅರ್ಧ. ಮುಹೂರ್ತದ ದಿನ ಬೇರೆ ನಾಲ್ಕು ಜನರಿಗೆ ಇಲ್ಲ ಅಂದಿರ್ತೀರಿ, ಆಮೇಲೆ ಅವರು ವಾಪಸ್ ಬರಲ್ಲ.

ನೀವು ಕೇಳಿಲ್ಲ, ಆದ್ರೆ ರೇಟು ಇಳಿಸದೇ ಇದ್ದಾಗ ಮನೆಯವರು "ಸಾಮಾನು ನಾವೇ ತರ್ತೀವಿ, ನೀವು ಮಾಡಿಕೊಡಿ ಸಾಕು" ಅಂದೇ ಅಂತಾರೆ. ತಪ್ಪೇನಿಲ್ಲ. ಆದ್ರೆ ಆಗ ಎಲೆಗೆ ರೇಟು ಹೇಳ್ಬೇಡಿ. ಭಟ್ಟರು, ಬಡಿಸೋರು, ಗ್ಯಾಸು, ಪಾತ್ರೆ, ಗಾಡಿ, ನಿಮ್ಮ ಮೇಲ್ವಿಚಾರಣೆ ಎಲ್ಲಾ ಸೇರಿಸಿ ಒಟ್ಟು ಮೊತ್ತ ಹೇಳಿ. ಜೊತೆಗೆ ದಿನಸಿ ಪಟ್ಟಿ ತೂಕದ ಸಮೇತ ಕೊಡಿ. ಇಂಥ ಊಟಕ್ಕೆ ನೂರು ಜನಕ್ಕೆ ಅಕ್ಕಿ ಒಂಬತ್ತರಿಂದ ಹತ್ತು ಕೆಜಿ ಅಂತ ಇಟ್ಕೊಂಡ್ರೆ ಸಾವಿರಕ್ಕೆ ನೂರು ಕೆಜಿ ಒಳಗೆ ಆಗುತ್ತೆ. ಯಾವ ಅಕ್ಕಿ, ಯಾವ ಬೇಳೆ, ತುಪ್ಪ ಎಷ್ಟು ಅಂತ ಹೆಸರು ಹಿಡಿದು ಬರೀರಿ, ಹಿಂದಿನ ದಿನ ಮಧ್ಯಾಹ್ನದೊಳಗೆ ಸಾಮಾನು ಛತ್ರಕ್ಕೆ ಬಂದು, ತೂಗಿ, ಪಟ್ಟಿ ಮೇಲೆ ಅವರ ಸಹಿ ಆಗಿರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಹೋಳಿಗೆ ಹೂರಣ ರುಬ್ಬೋವಾಗ ಬೆಲ್ಲ ಸಾಲದು ಅಂತ ಗೊತ್ತಾದ್ರೆ ಯಾವ ಅಂಗಡಿಯೂ ತೆರೆದಿರಲ್ಲ.